ಕೊಟ್ಟ ರಾಜೀನಾಮೆ ವಾಪಸ್ ಕೇಳಿದರೆ: ಸಂಘ ಮೊದಲು ನೋಡಬೇಕಾದ್ದು ತಾರೀಖು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸರ್ಕಾರಿ ನೌಕರಿ ಬಿಟ್ಟರೆ ತಿಂಗಳ ಸಂಬಳಕ್ಕೆ ಮೊದಲು ನೆನಪಾಗುವುದು ಸಹಕಾರಿ ಸಂಘ. ಅಡಿಕೆ ವಖಾರಿ, ಸಾಲದ ಕೌಂಟರು, ಗೊಬ್ಬರದ ಗೋದಾಮು, ಕಿರಾಣಿ ವಿಭಾಗ ಎಲ್ಲ ಕಡೆಯೂ ಗುಮಾಸ್ತರು ಬೇಕು. ಅಲ್ಲಿ ಹತ್ತಾರು ವರ್ಷ ದುಡಿದವರು ಒಂದು ದಿನ ರಾಜೀನಾಮೆ ಬರೆದುಕೊಡುತ್ತಾರೆ. ಮಗ ಬೆಂಗಳೂರಿಗೆ ಕರೆದಿರುತ್ತಾನೆ, ಇಲ್ಲವೇ ತೋಟ ನೋಡುವವರಿಲ್ಲದಂತಾಗಿರುತ್ತದೆ, ಕೆಲವೊಮ್ಮೆ ಆಡಳಿತ ಮಂಡಳಿಯವರೊಬ್ಬರ ಮಾತು ಚುಚ್ಚಿರುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಅದೇ ಗುಮಾಸ್ತರು ಇನ್ನೊಂದು ಅರ್ಜಿ ಹಿಡಿದು ಬರುತ್ತಾರೆ: ರಾಜೀನಾಮೆ ಹಿಂಪಡೆಯುತ್ತೇನೆ.

ಪರಿಚಯದ ಊರಿನಲ್ಲಿ ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡರಲ್ಲೊಂದು. ಒಂದು, "ಆತು ಬಿಡು, ಅರ್ಜಿ ಹರ್ದು ಬಿಸಾಡ್ತಿ, ನಾಳೆ ಕೆಲ್ಸಕ್ಕೆ ಬಾ." ಇನ್ನೊಂದು, "ಒಮ್ಮೆ ಕೊಟ್ಟಾತು, ಮುಗತ್ತು." ಎರಡೂ ಮುಂದೆ ತಕರಾರು ತರುತ್ತವೆ. ರಾಜೀನಾಮೆ ವಾಪಸ್ ಕೊಡಬೇಕೋ ಬೇಡವೋ ಎಂಬುದನ್ನು ಹೆಚ್ಚಿನ ಸಂದರ್ಭಗಳಲ್ಲಿ ತೀರ್ಮಾನಿಸುವುದು ಅಧ್ಯಕ್ಷರ ಮನಸ್ಸಲ್ಲ, ಆವಕ-ಜಾವಕ ರಿಜಿಸ್ಟರಿನ ತಾರೀಖುಗಳು.

ಅರ್ಜಿ ಬಂದ ಕೂಡಲೇ

ಹಿಂಪಡೆಯುವ ಪತ್ರವನ್ನು ತೆಗೆದುಕೊಳ್ಳಲು ನಿರಾಕರಿಸಬೇಡಿ. ಆವಕಕ್ಕೆ ಹಚ್ಚಿ, ತಾರೀಖಿನ ಜೊತೆ ವೇಳೆಯನ್ನೂ ಬರೆದು, ನೌಕರರ ಪ್ರತಿಗೆ ಸಹಿ ಹಾಕಿ ಕೊಡಿ. ಅದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಸಹಿ ಮಾಡಿದ ಪತ್ರ ಕೇಳಿ. ಆದರೆ ಸಂದೇಶ ಬಂದ ದಿನವನ್ನು ಲೆಕ್ಕದಿಂದ ಬಿಡಬೇಡಿ, ಅದರ ಪ್ರತಿಯೊಂದನ್ನು ಫೈಲಿಗೆ ಸೇರಿಸಿ. ಆ ಹೊತ್ತಿಗೆ ಬಾಯಿಮಾತಿನ ಭರವಸೆಯೂ ಬೇಡ, ಬೈಗುಳವೂ ಬೇಡ. "ಪತ್ರ ತಲುಪಿದೆ, ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ" ಎಂದರೆ ಸಾಕು.

ಆಮೇಲೆ ಮೂಲ ರಾಜೀನಾಮೆ ಪತ್ರವನ್ನು ತೆಗೆದು ಅದರ ಶಬ್ದಗಳನ್ನು ನಿಧಾನವಾಗಿ ಓದಬೇಕು. "ಇಂದಿನಿಂದಲೇ ಬಿಡುಗಡೆ ಮಾಡಿ" ಎಂದು ಬರೆದದ್ದಕ್ಕೂ "ಮೇ 31ರಿಂದ ಜಾರಿಗೆ ಬರುವಂತೆ" ಎಂದು ಬರೆದದ್ದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ. ಮೊದಲನೆಯದರಲ್ಲಿ ಅಧಿಕಾರವುಳ್ಳವರು ಅಂಗೀಕರಿಸುವವರೆಗೆ ಮಾತ್ರ ಹಿಂಪಡೆಯಬಹುದು. ಎರಡನೆಯದರಲ್ಲಿ ಆ ಮುಂದಿನ ದಿನ ಬರುವವರೆಗೂ ಅವಕಾಶವಿದೆ, ಸೇವಾ ನಿಯಮದಲ್ಲೋ ನೇಮಕದ ಕರಾರಿನಲ್ಲೋ ಬೇರೆ ಮಾತಿಲ್ಲದಿದ್ದರೆ. ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು 1977ರ ಮೇ ತಿಂಗಳಲ್ಲಿ, ಆಗಸ್ಟ್ 1ರಿಂದ ಅನ್ವಯವಾಗುವಂತೆ ರಾಜೀನಾಮೆ ಬರೆದು, ಜುಲೈನಲ್ಲಿ ಹಿಂಪಡೆದಿದ್ದರು. ಅದು ಸರಿ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಹೇಳಿದ ಮೇಲೆ ಈ ಸೂತ್ರ ಗಟ್ಟಿಯಾಯಿತು.

"ನಾವು ಆಗಲೇ ಅಂಗೀಕರಿಸಿ ಆಗಿದೆ" ಎಂಬ ಮಾತು ಇಲ್ಲಿ ಎಲ್ಲ ಸಲ ನಡೆಯುವುದಿಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಅಧಿಕಾರಿಯೊಬ್ಬರು 1986ರ ಜನವರಿಯಲ್ಲಿ, ಜೂನ್ 30ರಿಂದ ಬಿಡುತ್ತೇನೆಂದು ಬರೆದುಕೊಟ್ಟಿದ್ದರು. ಬ್ಯಾಂಕು ಜೂನ್‌ವರೆಗೆ ಕಾಯದೆ ಮೊದಲೇ ಅಂಗೀಕರಿಸಿ ಅವರನ್ನು ಕಳುಹಿಸಿತು. ಅವರು ಏಪ್ರಿಲ್‌ನಲ್ಲಿ ಹಿಂಪಡೆದರು. 1989ರಲ್ಲಿ ತೀರ್ಪು ಅವರ ಪರವಾಯಿತು. ನೌಕರ ಕೊಟ್ಟ ತಾರೀಖನ್ನು ಹಿಂದಕ್ಕೆ ಎಳೆಯುವ ಅಧಿಕಾರ ನಿಮ್ಮ ನಿಯಮದಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಆ ಕೆಲಸಕ್ಕೆ ಕೈಹಾಕಬೇಡಿ.

ಕೊಂಕಣ ರೈಲ್ವೆಯ ಪಾಠ

ಘಟ್ಟದ ಕೆಳಗೆ ನಮ್ಮದೇ ಜಿಲ್ಲೆಯನ್ನು ಹಾದುಹೋಗುವ ಕೊಂಕಣ ರೈಲ್ವೆಯ ಪ್ರಕರಣವೊಂದು ನಮ್ಮ ಸಂಘಗಳಿಗೆ ಇದೆಲ್ಲಕ್ಕಿಂತ ಹತ್ತಿರದ್ದು. 1990ರಿಂದ ಅಲ್ಲಿದ್ದ ನೌಕರರೊಬ್ಬರು 2013ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2014ರ ಏಪ್ರಿಲ್‌ನಲ್ಲೇ ಅಂಗೀಕರಿಸಿದ್ದೇವೆ ಎಂಬುದು ನಿಗಮದ ವಾದ. ಆದರೆ ಆ ಅಂಗೀಕಾರದ ಪತ್ರ ಕಚೇರಿಯ ಒಳಗೇ ಓಡಾಡಿತ್ತು, ನೌಕರರಿಗೆ ಮುಟ್ಟಿದ್ದಕ್ಕೆ ದಾಖಲೆ ಇರಲಿಲ್ಲ. ಅಷ್ಟೇ ಅಲ್ಲ, ಅದಾದ ಮೇಲೂ ನಿಗಮ ಅವರ ಗೈರುಹಾಜರಿಗೆ ಆಕ್ಷೇಪಿಸಿ ಕೆಲಸಕ್ಕೆ ಕರೆದಿತ್ತು, ಅವರು ಹೋಗಿ ಹಾಜರಾಗಿದ್ದರು. ಮೇ 26ರಂದು ಅವರು ರಾಜೀನಾಮೆ ಹಿಂಪಡೆದರು. ನಿಗಮ ಜುಲೈ 1ರಿಂದ ಬಿಡುಗಡೆ ಮಾಡಿತು. ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ನೌಕರರ ಪರ ಹೇಳಿತು, ವಿಭಾಗೀಯ ಪೀಠ ಅದನ್ನು ತಿರುಗಿಸಿತು. ಕೊನೆಗೆ 2024ರ ಸೆಪ್ಟೆಂಬರ್ 13ರಂದು ಸುಪ್ರೀಂ ಕೋರ್ಟು, ಅಂತಿಮ ಅಂಗೀಕಾರವೇ ಆಗುವ ಮೊದಲು ರಾಜೀನಾಮೆ ವಾಪಸಾಗಿದೆ ಎಂದು ಹೇಳಿ, ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವಂತೆಯೂ ಹೊರಗಿದ್ದ ಅವಧಿಗೆ ಅರ್ಧ ಸಂಬಳ ಕೊಡುವಂತೆಯೂ ಆದೇಶಿಸಿತು.

ಅಂಗೀಕಾರ ನೌಕರನ ಕೈ ಸೇರದಿದ್ದರೂ ಸಿಂಧು ಎಂದ ಹಳೆಯ ತೀರ್ಪುಗಳೂ ಇವೆ, ನಿಜ. ಅದನ್ನು ನಂಬಿಕೊಂಡು ಠರಾವು ಪುಸ್ತಕದಲ್ಲಿ ಬರೆದು ಸುಮ್ಮನಿರುವುದು ಜಾಣತನವಲ್ಲ. ಠರಾವು ಆದ ಮರುದಿನವೇ ಪತ್ರ ಜಾವಕವಾಗಲಿ. ನೌಕರರಿಂದ ಸಹಿ ಪಡೆಯಿರಿ, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಬಿಡುಗಡೆಯಾದವರಿಂದ "ಇನ್ನೆರಡು ದಿನ ಬಂದು ಚಾಲಿ ಟೆಂಡರ್ ಮುಗಿಸಿಕೊಟ್ಟು ಹೋಗು" ಎಂದು ಕೆಲಸ ಮಾಡಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದೂ ಬೇಡ. ನಿಮ್ಮ ವಾದವನ್ನು ಆ ಸಹಿಯೇ ಕೆಡಿಸುತ್ತದೆ.

ಅಂಗೀಕರಿಸಿದ್ದು ಯಾರು ಎಂಬುದನ್ನೂ ನೋಡಬೇಕು. ನೇಮಿಸುವ ಅಧಿಕಾರ ಆಡಳಿತ ಮಂಡಳಿಗೆ ಇದ್ದು, ಅಧ್ಯಕ್ಷರೋ ಮುಖ್ಯ ಕಾರ್ಯನಿರ್ವಾಹಕರೋ ಅರ್ಜಿಯ ಅಂಚಿನಲ್ಲಿ "ಒಪ್ಪಿದೆ" ಎಂದು ಗೀಚಿದ್ದರೆ ಅದು ಅಂಗೀಕಾರವೇ ಎಂಬ ಪ್ರಶ್ನೆ ಏಳುತ್ತದೆ. ಉಪವಿಧಿ ಮತ್ತು ಸೇವಾ ನಿಯಮ ಎರಡನ್ನೂ ತೆರೆದಿಟ್ಟುಕೊಂಡು ನೋಡಿ.

ಒಂದು ಉದಾಹರಣೆ, ಎರಡು ದಾರಿ

ಸಿದ್ದಾಪುರ ತಾಲೂಕಿನ ಒಂದು ಸೇವಾ ಸಹಕಾರಿ ಸಂಘ ಎಂದಿಟ್ಟುಕೊಳ್ಳೋಣ. ಗುಮಾಸ್ತರು ಮೇ 5ರಂದು, "ಮೇ 31ರ ಕೆಲಸದ ಅವಧಿಯ ನಂತರ ಬಿಡುಗಡೆ ಮಾಡಿ" ಎಂದು ಬರೆದುಕೊಟ್ಟರು. ಮೇ 14ರಂದು ಆಡಳಿತ ಮಂಡಳಿ ಒಪ್ಪಿತು, 16ರಂದು ಪತ್ರ ಕೈಗೆ ಮುಟ್ಟಿತು. ಮೇ 26ರಂದು ಅವರು ಹಿಂಪಡೆಯುವ ಪತ್ರ ಕೊಟ್ಟರು. ಮೇ 31 ಇನ್ನೂ ಬಂದಿಲ್ಲ, ನಿಯಮದಲ್ಲಿ ಅಡ್ಡಿಯಿಲ್ಲ, ಅವರ ಜಾಗಕ್ಕೆ ಯಾರಿಗೂ ನೇಮಕ ಆದೇಶ ಹೋಗಿಲ್ಲ. ಇಲ್ಲಿ ಒಪ್ಪುವುದೇ ಸರಿ. ಮೇ 31ರೊಳಗೆ ಸಭೆ ಕರೆದು ಠರಾವು ಮಾಡಿ ಹೀಗೆ ಬರೆಯಬಹುದು:

"ತಾವು ಮೇ 5ರಂದು ಸಲ್ಲಿಸಿದ ರಾಜೀನಾಮೆಯನ್ನು ಹಿಂಪಡೆದು ಮೇ 26ರಂದು ನೀಡಿದ ಪತ್ರ ತಲುಪಿದೆ. ಮೇ 29ರ ಆಡಳಿತ ಮಂಡಳಿ ಸಭೆಯ ಠರಾವಿನಂತೆ ತಮ್ಮ ಕೋರಿಕೆಯನ್ನು ಒಪ್ಪಲಾಗಿದೆ. ರಾಜೀನಾಮೆಯನ್ನು ಅಂಗೀಕರಿಸಿದ ಮೇ 14ರ ಠರಾವನ್ನೂ ಅದರಂತೆ ಕಳುಹಿಸಿದ ಮೇ 16ರ ಪತ್ರವನ್ನೂ ರದ್ದುಪಡಿಸಲಾಗಿದೆ. ತಾವು ಇದೇ ಹುದ್ದೆ ಮತ್ತು ಇದೇ ವೇತನದಲ್ಲಿ ಮುಂದುವರಿಯುವಿರಿ. ತಮ್ಮ ಸೇವೆ, ಜ್ಯೇಷ್ಠತೆ ಮತ್ತು ರಜೆಯ ಲೆಕ್ಕದಲ್ಲಿ ಯಾವುದೇ ಖಂಡ ಇರುವುದಿಲ್ಲ."

ಹಳೆಯ ಠರಾವನ್ನು ರದ್ದು ಮಾಡುವ ವಾಕ್ಯವನ್ನು ಮರೆಯುವವರೇ ಹೆಚ್ಚು. ಅದಿಲ್ಲದಿದ್ದರೆ ಪುಸ್ತಕದಲ್ಲಿ ಎರಡು ಠರಾವುಗಳು ಎದುರುಬದುರಾಗಿ ನಿಲ್ಲುತ್ತವೆ, ಲೆಕ್ಕಪರಿಶೋಧಕರು ಅದನ್ನೇ ಕೇಳುತ್ತಾರೆ. ಸೇವೆಯಲ್ಲಿ ಖಂಡವಿಲ್ಲ ಎಂಬ ಮಾತು ಮುಂದೆ ಗ್ರಾಚ್ಯುಟಿ ಎಣಿಸುವಾಗ ಬೇಕಾಗುತ್ತದೆ. ಭವಿಷ್ಯ ನಿಧಿಯ ಜಾಲತಾಣದಲ್ಲಿ ಅವರ ನಿರ್ಗಮನ ದಿನಾಂಕವನ್ನು ಆಗಲೇ ತುಂಬಿದ್ದರೆ ಕೂಡಲೇ ತಿದ್ದುಪಡಿಗೆ ಅರ್ಜಿ ಹಾಕಿ. ತಿಜೋರಿಯ ಕೀಲಿ, ಬಂಗಾರದ ಸಾಲದ ಚೀಲಗಳನ್ನು ಬೇರೆಯವರಿಗೆ ಹಸ್ತಾಂತರಿಸಿದ್ದರೆ ಮರಳಿ ಒಪ್ಪಿಸುವಾಗ ಹೊಸದಾಗಿ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಲಿ. "ಇನ್ನು ಮೇಲೆ ರಾಜೀನಾಮೆ ಕೊಡುವುದಿಲ್ಲ" ಎಂದು ಬರೆಸಿಕೊಳ್ಳುವ ಚಪಲ ಕೆಲವರಿಗಿದೆ. ಅದರಿಂದ ಸಂಘಕ್ಕೆ ಏನೂ ದಕ್ಕುವುದಿಲ್ಲ, ಮನಸ್ಸು ಮಾತ್ರ ಮುರಿಯುತ್ತದೆ.

ಈಗ ಅದೇ ಗುಮಾಸ್ತರು ಮೇ 5ರಂದು "ಕೂಡಲೇ ಬಿಡುಗಡೆ ಮಾಡಿ" ಎಂದು ಬರೆದಿದ್ದರು, 14ರಂದು ಮಂಡಳಿ ಒಪ್ಪಿತು, 15ರಂದು ಪತ್ರ ಪಡೆದು ಚಾರ್ಜು ಕೊಟ್ಟು ಹೋದರು ಎಂದುಕೊಳ್ಳಿ. ಮೇ 26ರ ಪತ್ರ ತಡವಾಯಿತು. ಹಿಂಪಡೆಯಲು ಉಳಿದ ರಾಜೀನಾಮೆಯೇ ಇಲ್ಲ. ನಿರಾಕರಣೆಯ ಪತ್ರ ಹೀಗಿರಲಿ:

"ತಮ್ಮ ಮೇ 26ರ ಪತ್ರವನ್ನು ಮೇ 29ರ ಆಡಳಿತ ಮಂಡಳಿ ಸಭೆ ಪರಿಶೀಲಿಸಿದೆ. ಕೂಡಲೇ ಬಿಡುಗಡೆ ಕೋರಿ ತಾವು ಮೇ 5ರಂದು ನೀಡಿದ ರಾಜೀನಾಮೆಯನ್ನು ಮೇ 14ರ ಠರಾವಿನಂತೆ ಅಂಗೀಕರಿಸಿ, ಮೇ 15ರಂದು ತಮಗೆ ತಿಳಿಸಿ ಅದೇ ದಿನ ಬಿಡುಗಡೆ ಮಾಡಲಾಗಿದೆ. ಬಿಡುಗಡೆಯ ನಂತರ ಬಂದ ಕೋರಿಕೆಯಾದ್ದರಿಂದ ಅದನ್ನು ಒಪ್ಪಲು ಸಾಧ್ಯವಾಗಿಲ್ಲ. ತಮಗೆ ಸಲ್ಲಬೇಕಾದ ವೇತನ, ಗ್ರಾಚ್ಯುಟಿ ಮತ್ತಿತರ ಬಾಕಿಗಳನ್ನು ನಿಯಮದಂತೆ ಪಾವತಿಸಲಾಗುವುದು."

ಇದರಲ್ಲಿ ತಾರೀಖುಗಳೇ ಕಾರಣ ಹೇಳುತ್ತವೆ. ನೌಕರರ ಹಳೆಯ ತಪ್ಪು, ಗೈರುಹಾಜರಿ, ಮಂಡಳಿಯ ಬೇಸರ ಯಾವುದನ್ನೂ ಇಲ್ಲಿ ತುರುಕಬೇಡಿ. ಹಾಗೆ ಬರೆದರೆ, ನಿರಾಕರಿಸಿದ್ದು ತಡವಾಯಿತೆಂದಲ್ಲ, ಶಿಕ್ಷೆ ಕೊಡಲೆಂದು ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಒಳ್ಳೆಯ ಕೆಲಸಗಾರ, ಮತ್ತೆ ಬೇಕು ಎನಿಸಿದರೆ ಸಂಘದ ನೇಮಕಾತಿ ನಿಯಮದಂತೆ ಹೊಸದಾಗಿ ತೆಗೆದುಕೊಳ್ಳಬಹುದು. ಮುಗಿದ ಸೇವೆಯನ್ನು ಹಿಂದಿನ ತಾರೀಖು ಹಾಕಿ ಜೋಡಿಸಬೇಡಿ.

ನಡುವೆ ಸಿಕ್ಕಿಕೊಳ್ಳುವ ಸಂದರ್ಭ

ತಾರೀಖು ನೌಕರರ ಪರವಾಗಿದೆ, ಆದರೆ ಅಷ್ಟರಲ್ಲಿ ಸಂಘ ಹೊಸಬರಿಗೆ ನೇಮಕ ಆದೇಶ ಕೊಟ್ಟಾಗಿದೆ. ಇದು ಕಷ್ಟದ್ದು. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಪೈಲಟ್ ಒಬ್ಬರು 2017ರ ಜುಲೈನಲ್ಲಿ ಆರು ತಿಂಗಳ ನೋಟಿಸು ಕೊಟ್ಟು ಡಿಸೆಂಬರ್‌ನಲ್ಲಿ ಹಿಂಪಡೆದಾಗ 2019ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಅಲ್ಲಿ ಆ ಆರು ತಿಂಗಳು ಇದ್ದದ್ದೇ ಬದಲಿ ಪೈಲಟ್‌ನನ್ನು ಸಿದ್ಧಪಡಿಸಲು, ವಿಮಾನಯಾನದ ನಿಯಮವೇ ಹಾಗಿತ್ತು. ಸೊಸೈಟಿಯ ಕೌಂಟರಿಗೆ ಆ ತೀರ್ಪನ್ನು ಹಾಗೆಯೇ ಎಳೆದು ತರಲಾಗದು. ಆದ್ದರಿಂದ ನೋಟಿಸ್ ಅವಧಿ ಮುಗಿಯುವ ಮೊದಲು ಹೊಸಬರಿಗೆ ಆದೇಶ ಕೊಡದಿರುವುದೇ ಲೇಸು. ಕೊಟ್ಟಾಗಿದ್ದರೆ ಉತ್ತರ ಬರೆಯುವ ಮುಂಚೆ ವಕೀಲರಿಗೆ ಫೈಲು ತೋರಿಸಿ. ಹೆದರಿಸಿ ಬರೆಸಿಕೊಂಡರು ಎಂದು ನೌಕರರು ದೂರಿದ್ದರೂ ಅಷ್ಟೇ. ಅದು ತಾರೀಖಿನ ಲೆಕ್ಕಕ್ಕೆ ಸಿಗುವ ವಿಷಯವಲ್ಲ.

ಸಂಘ ಮತ್ತು ನೌಕರರ ನಡುವಿನ ಇಂಥ ತಕರಾರುಗಳನ್ನು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 70ನೇ ಕಲಂ ಅಡಿ ನಿಬಂಧಕರ ಮುಂದೆ ದಾವೆಯಾಗಿ ಒಯ್ಯಬಹುದು. ಅಲ್ಲಿ ಕೇಳುವುದು ಮೂಲ ಅರ್ಜಿ, ಠರಾವು ಪುಸ್ತಕ, ಜಾವಕ ರಿಜಿಸ್ಟರು ಮತ್ತು ಅಂಚೆಯ ರಸೀದಿ. ಒಪ್ಪುವುದಿರಲಿ, ನಿರಾಕರಿಸುವುದಿರಲಿ, ಉತ್ತರವನ್ನು ರಾಜೀನಾಮೆ ಜಾರಿಯಾಗುವ ದಿನದೊಳಗೆ ಬರೆದು ಮುಟ್ಟಿಸಿ. ಆ ದಿನ ಆಗಲೇ ದಾಟಿದ್ದರೆ ಮುಂದಿನ ತಿಂಗಳ ಸಭೆಗೆ ಕಾಯದೆ ತುರ್ತು ಸಭೆ ಕರೆಯಿರಿ.