ನಿಂತ ಕಾರಿನ ಮೀಟರ್

ದೆಹಲಿಯ ಓಲ್ಡ್ ರಾಜಿಂದರ್ ನಗರದ ನಮ್ಮ ಗಲ್ಲಿಯಲ್ಲಿ ಕಾರು ಓಡಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಹೊರಗೆ ತೆಗೆದರೆ ಜಾಗ ಹೋಗುತ್ತದೆಂದು ಕಾರನ್ನು ಮನೆಮುಂದೆಯೇ ಬಿಟ್ಟು ನಾವು ನಾಲ್ವರೂ ಆಟೊ ಹತ್ತಿದ ಸಂಜೆಗಳುಂಟು. ಕೊನೆಗೆ ಪಕ್ಕದ ಕಟ್ಟಡದಲ್ಲಿ ತಿಂಗಳಿಗೆ 2,500 ರೂಪಾಯಿಗೆ ಜಾಗ ಬಾಡಿಗೆಗೆ ಹಿಡಿದೆ. ಆ ಬಾಡಿಗೆಯೇ ನನ್ನನ್ನು ಲೆಕ್ಕಕ್ಕೆ ಕೂರಿಸಿತು.

ಅಲ್ಲಿಯವರೆಗೆ ನಾನು ಪೆಟ್ರೋಲನ್ನು ಕ್ಯಾಬ್ ದರದ ಜೊತೆ ಹೋಲಿಸುತ್ತಿದ್ದೆ. ಲೀಟರಿಗೆ 95 ರೂ., 14 ಕಿ.ಮೀ. ಮೈಲೇಜ್, ಕಿಲೋಮೀಟರಿಗೆ ಏಳು ರೂಪಾಯಿಯೊಳಗೆ. ಕ್ಯಾಬಿಗೆ ನಾನು ಕೊಡುವುದು ಸರಾಸರಿ 22. ಕಾರೇ ಅಗ್ಗ ಅನ್ನಿಸುತ್ತಿತ್ತು.

ತಪ್ಪಿದ್ದು ಇಲ್ಲೇ: ಕಾರು ನಿಂತಲ್ಲೇ ಇದ್ದರೂ ಖರ್ಚು ಓಡುತ್ತಿರುತ್ತದೆ. 7 ಲಕ್ಷದ ನಮ್ಮ ಕಾರಿಗೆ ಏಳು ವರ್ಷದ ನಂತರ ಸಿಗುವ ಬೆಲೆ 2.8 ಲಕ್ಷ. ಅಂದರೆ ತಿಂಗಳಿಗೆ 5,000 ರೂ. ಸವಕಳಿ. ವಿಮೆ 1,250, ಸರ್ವಿಸ್, ಟೈರ್, ಬ್ಯಾಟರಿ ಸೇರಿ 1,500, ಪಾರ್ಕಿಂಗ್ 2,500. ಕಾರಿನಲ್ಲಿ ಸಿಕ್ಕಿಬಿದ್ದ ಹಣ ಸರಾಸರಿ 4.9 ಲಕ್ಷ, ಅದನ್ನು ಶೇ 6ರ ಠೇವಣಿಯಲ್ಲಿಟ್ಟಿದ್ದರೆ ಬರುತ್ತಿದ್ದ ಬಡ್ಡಿ 2,450. ಒಟ್ಟು 12,700 ರೂ. ಇದರಲ್ಲಿ ಒಂದು ಹನಿ ಪೆಟ್ರೋಲೂ ಸೇರಿಲ್ಲ.

ಈ ಮೊತ್ತವನ್ನು ಕ್ಯಾಬ್ ಮತ್ತು ಪೆಟ್ರೋಲಿನ ನಡುವಿನ ವ್ಯತ್ಯಾಸದಿಂದ, ಅಂದರೆ ಸುಮಾರು 15 ರೂಪಾಯಿಯಿಂದ, ಭಾಗಿಸಿ. ಉತ್ತರ ಸುಮಾರು 840 ಕಿ.ಮೀ. ತಿಂಗಳಿಗೆ ಅಷ್ಟು ಓಡಿಸದಿದ್ದರೆ ಕಾರು ನಷ್ಟ. ಮೂರು ತಿಂಗಳು ಓಡೋಮೀಟರ್ ಬರೆದಿಟ್ಟೆ: ನಮ್ಮದು ತಿಂಗಳಿಗೆ ಬರೀ 400. ಆಫೀಸಿಗೆ ಮೊದಲಿಂದಲೂ ಮೆಟ್ರೋ, ಮಕ್ಕಳಿಗೆ ಶಾಲೆಯ ವ್ಯಾನ್.

ಕಾರು ಮಾರಿದೆವು. ಈಗ ಭಾನುವಾರ ಆರ್.ಕೆ. ಪುರದ ದೆಹಲಿ ಕರ್ನಾಟಕ ಸಂಘಕ್ಕೆ ಹೋಗಬೇಕೆಂದರೆ ರಾಜೇಂದ್ರ ಪ್ಲೇಸ್‌ನಲ್ಲಿ ಮೆಟ್ರೋ ಹತ್ತಿ, ರಾಜೌರಿ ಗಾರ್ಡನ್‌ನಲ್ಲಿ ಪಿಂಕ್ ಲೈನಿಗೆ ಬದಲಾಯಿಸಿ, ನಮ್ಮ ವಿಶ್ವೇಶ್ವರಯ್ಯನವರ ಹೆಸರಿನ ಮೋತಿ ಬಾಗ್ ನಿಲ್ದಾಣದಲ್ಲಿ ಇಳಿಯುತ್ತೇವೆ. ನಾಲ್ವರಿಗೂ ಸೇರಿ ಸುಮಾರು 120 ರೂ. ರಾತ್ರಿ ಮಕ್ಕಳು ನಿದ್ದೆಗಣ್ಣಲ್ಲಿರುತ್ತಾರೆ, ವಾಪಸ್ ಕ್ಯಾಬ್. ಮೆಟ್ರೋದಲ್ಲಿ ತಲೆಗೊಂದು ಟಿಕೆಟ್, ಕ್ಯಾಬ್‌ನಲ್ಲಿ ನಾಲ್ವರಿಗೂ ಒಂದೇ ಬಿಲ್. ಹಾಗಾಗಿ ಹತ್ತಿರದ ಜಾಗಕ್ಕೆ ಎಲ್ಲರೂ ಹೊರಟರೆ ಆಟೊ, ಕ್ಯಾಬೇ ಲೇಸು.

ತಿಂಗಳಿಗೆ 220 ಕಿ.ಮೀ. ಕ್ಯಾಬಿಗೆ 4,840, ಉಳಿದ ಓಡಾಟದ ಮೆಟ್ರೋಗೆ 1,400. ಪೆಟ್ರೋಲ್ ಸೇರಿ 15,400 ಆಗುತ್ತಿದ್ದ ಕಡೆ ಈಗ 6,240. ಮಳೆಯ ರಾತ್ರಿ ಮೂವರು ಚಾಲಕರು ಒಬ್ಬರ ಹಿಂದೊಬ್ಬರು ಬುಕಿಂಗ್ ರದ್ದು ಮಾಡಿದಾಗ ಕಾರು ನೆನಪಾದದ್ದು ಸುಳ್ಳಲ್ಲ. ಊರಿಂದ ಅಪ್ಪ, ಅಮ್ಮ ಬಂದಾಗ ದಿನದ ಬಾಡಿಗೆಗೆ ಟ್ಯಾಕ್ಸಿ ಹೇಳುತ್ತೇನೆ. ಉಳಿದ ಒಂಬತ್ತು ಸಾವಿರದಲ್ಲಿ ಅದಕ್ಕೂ ಜಾಗವಿದೆ.

ನಿಮ್ಮ ಆಫೀಸು ಮೆಟ್ರೋ ಸಿಗದ ಕಡೆ ಇದ್ದು, ದಿನಾ 40 ಕಿ.ಮೀ. ಓಡಿಸುವಿರಾದರೆ ಕಾರು ಇಟ್ಟುಕೊಳ್ಳಿ, ನಿಮಗೆ ಅದೇ ಅಗ್ಗ. ಇಲ್ಲವಾದರೆ ಮೊದಲು ಓಡೋಮೀಟರ್ ನೋಡಿ, ಆಮೇಲೆ ಶೋರೂಮ್.