ಟೆಸ್ಟರ್ ಹೊತ್ತದ ತಂತಿಯೆಲ್ಲ ನ್ಯೂಟ್ರಲ್ ಅಲ್ಲ

ಅಬಲೂರಿನ ನಮ್ಮ ಹೆಂಚಿನ ಮನೆಯಲ್ಲಿ ದಾದಿಯ ಕೋಣೆಯ ಸ್ವಿಚ್ ಬೋರ್ಡ್ ಬಾಗಿಲ ಪಕ್ಕದಲ್ಲಿದೆ. ಅವರ ಮಂಚ ಇರುವುದು ಆಚೆ ಮೂಲೆಯಲ್ಲಿ. ಫಜ್ರ್ ನಮಾಜಿಗೆ ಏಳುವಾಗ ಅವರು ಕತ್ತಲಲ್ಲೇ ಗೋಡೆ ಹಿಡಿದು ಬಾಗಿಲವರೆಗೆ ಬರಬೇಕು. ಕಳೆದ ಮಳೆಗಾಲದಲ್ಲಿ ಒಮ್ಮೆ ಎಡವಿ ಬಿದ್ದು ಮಣಿಕಟ್ಟು ಉಳುಕಿತು. ನಿಗದಿತ ಹೊತ್ತಿಗೆ ತಾನಾಗಿಯೇ ದೀಪ ಹತ್ತುವ ಹಾಗೆ ಮಾಡಬೇಕೆಂದು ನಾನು ಒಂದು ವೈಫೈ ಸ್ಮಾರ್ಟ್ ಸ್ವಿಚ್ ಮಾಡ್ಯೂಲ್ ತರಿಸಿದೆ. ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ ಅದು. ಬೋರ್ಡಿನ ಹಿಂದೆ ಇಟ್ಟರೆ ಹಳೆಯ ಸ್ವಿಚ್ಚೂ ನಡೆಯುತ್ತದೆ, ಮೊಬೈಲಿನಿಂದಲೂ ನಡೆಯುತ್ತದೆ ಎಂದು ಓದಿದ್ದೆ. ಅದನ್ನು ಕೂಡಿಸುವಾಗ ನಾನು ಮಾಡಿದ ತಪ್ಪು ಮತ್ತು ಅದರಿಂದ ಕಲಿತದ್ದು ಈ ಲೇಖನ. ಹಳೆಯ ಮನೆಗಳಲ್ಲಿರುವ ನಮ್ಮಲ್ಲಿ ಅನೇಕರು ಇದೇ ತಪ್ಪು ಮಾಡಬಹುದು.

ಬೋರ್ಡಿನಲ್ಲಿ ಇರುವುದೇನು?

ಸಾಮಾನ್ಯ ಸ್ವಿಚ್ ಎಂದರೆ ದಾರಿಯಲ್ಲಿನ ಒಂದು ಬಾಗಿಲು ಮಾತ್ರ. ಅದಕ್ಕೆ ಎರಡೇ ತಂತಿ ಸಾಕು. ಒಂದರಲ್ಲಿ ಫೇಸ್ ಬರುತ್ತದೆ, ಇನ್ನೊಂದು ಬಲ್ಬಿಗೆ ಹೋಗುತ್ತದೆ. ಬಲ್ಬಿನ ಇನ್ನೊಂದು ಕಾಲಿಗೆ ಬೇಕಾದ ನ್ಯೂಟ್ರಲ್ ಬೋರ್ಡಿಗೆ ಇಳಿಯುವುದೇ ಇಲ್ಲ. ಜಂತಿಯ ಹತ್ತಿರವೇ ಸಾಗಿ ಮೇಲಿನ ಸೀಲಿಂಗ್ ರೋಸಿಗೆ ಸೇರುತ್ತದೆ. ಹಳೆಯ ಕಾಲದವರು ತಂತಿ ಉಳಿಸಲು ಹೀಗೆ ಮಾಡಿದರು. ಆ ಕೆಲಸದಲ್ಲಿ ತಪ್ಪೇನೂ ಇರಲಿಲ್ಲ.

ಸ್ಮಾರ್ಟ್ ಸ್ವಿಚ್ ಹಾಗಲ್ಲ. ಅದರೊಳಗೆ ಒಂದು ಚಿಕ್ಕ ಕಂಪ್ಯೂಟರ್ ಮತ್ತು ರೇಡಿಯೊ ಇವೆ. ದೀಪ ಆರಿದ್ದಾಗಲೂ ಅದು ಎಚ್ಚರವಾಗಿರಬೇಕು. ಇಲ್ಲದಿದ್ದರೆ ಮೊಬೈಲಿನ ಮಾತು ಕೇಳುವವರು ಯಾರು? ಹಾಗಾಗಿ ಅದಕ್ಕೆ ತನ್ನದೇ ಊಟ ಬೇಕು. ಫೇಸಿನಿಂದ ಬಂದ ಕರೆಂಟು ನ್ಯೂಟ್ರಲ್ ಮೂಲಕ ಹಿಂದಿರುಗಬೇಕು. ಈ ಊಟ ಹೆಚ್ಚೇನಲ್ಲ. ಅರ್ಧ ವ್ಯಾಟ್ ಎಂದು ಇಟ್ಟುಕೊಂಡರೆ ದಿನಕ್ಕೆ 24 ಗಂಟೆಯಂತೆ 30 ದಿನಕ್ಕೆ 0.36 ಯೂನಿಟ್ ಆಗುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ಅದು ಲೆಕ್ಕಕ್ಕೇ ಬಾರದು. ಖರ್ಚು ತೊಂದರೆಯಲ್ಲ, ದಾರಿಯೇ ತೊಂದರೆ.

ನಿಮ್ಮ ಬೋರ್ಡಿನಲ್ಲಿ ಪ್ಲಗ್ ಸಾಕೆಟ್ ಇದ್ದರೆ ಚಿಂತೆ ಕಡಿಮೆ. ಸಾಕೆಟ್ ನಡೆಯಬೇಕಾದರೆ ನ್ಯೂಟ್ರಲ್ ಅಲ್ಲಿಗೆ ಬಂದೇ ಇರಬೇಕು. ದಾದಿಯ ಕೋಣೆಯ ಬೋರ್ಡಿನಲ್ಲಿ ಸಾಕೆಟ್ ಇಲ್ಲ. ಒಂದು ದೀಪದ ಸ್ವಿಚ್, ಒಂದು ಫ್ಯಾನಿನ ಸ್ವಿಚ್, ರೆಗ್ಯುಲೇಟರ್, ಅಷ್ಟೇ.

ನನ್ನ ತಪ್ಪು

ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದೆ. ತಂತಿಗಳಿಗೆಲ್ಲ ಒಂದೇ ಮಾಸಲು ಬಣ್ಣ. ದೀಪದ ಸ್ವಿಚ್ ಆಫ್ ಇಟ್ಟು, ಮೇನ್ ಹಾಕಿ, ಟೆಸ್ಟರ್ ಮುಟ್ಟಿಸಿದೆ. ಒಂದು ತಂತಿಗೆ ಟೆಸ್ಟರ್ ಹೊತ್ತಿತು, ಇನ್ನೊಂದಕ್ಕೆ ಹೊತ್ತಲಿಲ್ಲ. ಹೊತ್ತಿದ್ದು ಫೇಸ್, ಹೊತ್ತದ್ದು ನ್ಯೂಟ್ರಲ್ ಎಂದು ತೀರ್ಮಾನಿಸಿದೆ. ಖಾತ್ರಿಗಾಗಿ ಎರಡರ ನಡುವೆ ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 230 ವೋಲ್ಟ್ ತೋರಿಸಿತು. ಇನ್ನೇನು ಬೇಕು ಎಂದುಕೊಂಡು ಮೇನ್ ಮತ್ತೆ ಆಫ್ ಮಾಡಿ, ಹೊತ್ತದ ತಂತಿಯನ್ನು ಮಾಡ್ಯೂಲಿನ ನ್ಯೂಟ್ರಲ್ ಬಿಂದುವಿಗೂ, ಅದರಿಂದಲೇ ಒಂದು ಕವಲನ್ನು ದೀಪದ ಬಿಂದುವಿಗೂ ಕೂಡಿಸಿದೆ.

ಮೇನ್ ಹಾಕಿದಾಗ ಮಾಡ್ಯೂಲಿನ ಚಿಕ್ಕ ಲೈಟ್ ಹತ್ತಿತು. ಗೆದ್ದೆ ಎಂದುಕೊಂಡೆ. ಮೊಬೈಲಿನಲ್ಲಿ ಆನ್ ಒತ್ತಿದೆ. ಟಿಕ್ ಎಂದಿತು, ದೀಪ ಹತ್ತಿತು, ಮತ್ತೆ ಟಿಕ್ ಎಂದು ಆರಿತು, ಮಾಡ್ಯೂಲೂ ಸತ್ತಂತಾಯಿತು. ಸ್ವಲ್ಪ ಹೊತ್ತಿಗೆ ಅದೇ ಎಚ್ಚರಗೊಂಡು ಮತ್ತೆ ಅದನ್ನೇ ಮಾಡಿತು. ನಾನು ಮೇನ್ ತೆಗೆದು, ಅಬ್ಬಾಗೆ ಹೇಳಿ, ನಮ್ಮ ಓಣಿಯ ವೈರ್‌ಮನ್ ಕಾಕಾನನ್ನು ಕರೆಸಿದೆ.

ಅವರು ನೋಡಿ ನಕ್ಕರು. "ತಮ್ಮಾ, ಇದು ನ್ಯೂಟ್ರಲ್ ಅಲ್ಲೋ. ಬಲ್ಬಿಗೆ ಹೋಗೋ ವೈರ್ ಇದು. ನೀ ಬಲ್ಬಿನ ಬೆನ್ನ ಮ್ಯಾಲೆ ಡಬ್ಬಿ ಕುಂದರ್ಸಿ."

ಆಮೇಲೆ ಲೆಕ್ಕ ತಿಳಿಯಿತು. ಆ ಕೋಣೆಯಲ್ಲಿ ಇದ್ದದ್ದು ಹಳೆಯ 60 ವ್ಯಾಟಿನ ತಂತುವಿನ ಬಲ್ಬು. ಸ್ವಿಚ್ ಆಫ್ ಇದ್ದಾಗ ಬಲ್ಬಿಗೆ ಹೋಗುವ ತಂತಿ ಬಲ್ಬಿನ ಮೂಲಕ ಮೇಲಿನ ನ್ಯೂಟ್ರಲ್‌ಗೆ ಮುಟ್ಟಿಕೊಂಡೇ ಇರುತ್ತದೆ. ಅದಕ್ಕೇ ಟೆಸ್ಟರ್ ಹೊತ್ತಲಿಲ್ಲ, ಅದಕ್ಕೇ ಮೀಟರ್ 230 ತೋರಿಸಿತು. ಮಾಡ್ಯೂಲಿನ ಅಲ್ಪ ಕರೆಂಟು ಬಲ್ಬಿನ ಮೂಲಕ ಹಾದುಹೋಗಿ ಅದು ಎಚ್ಚರವಾಯಿತು. ಆದರೆ ಆನ್ ಮಾಡಿದೊಡನೆ ಒಳಗಿನ ರಿಲೇ ಫೇಸನ್ನು ಅದೇ ತಂತಿಗೆ ಕೂಡಿಸಿತು. ಆಗ ಮಾಡ್ಯೂಲಿನ ಎರಡೂ ಬದಿ ಫೇಸೇ ಆಗಿ, ಅದರ ಊಟ ತಾನೇ ಕಿತ್ತುಕೊಂಡಂತಾಗಿ ಸತ್ತಿತು. ಸತ್ತೊಡನೆ ರಿಲೇ ಬಿಟ್ಟಿತು, ಮತ್ತೆ ಊಟ ಬಂತು. ಸ್ಮಾರ್ಟ್ ಸ್ವಿಚ್ ಹೀಗೆ ಟಿಕ್ ಟಿಕ್ ಎನ್ನುತ್ತ ಸತ್ತು ಹುಟ್ಟುತ್ತಿದ್ದರೆ ಮೊದಲು ಶಂಕಿಸಬೇಕಾದ್ದು ಇದನ್ನೇ.

ನಿಜವಾದ ನ್ಯೂಟ್ರಲ್ ಕಂಡುಹಿಡಿಯಲು ಕಾಕಾ ಒಂದು ಸರಳ ಪರೀಕ್ಷೆ ತೋರಿಸಿದರು. ಮೇನ್ ಆಫ್ ಮಾಡಿ ಬಲ್ಬ್ ತೆಗೆದಿಟ್ಟು, ಮತ್ತೆ ಮೇನ್ ಹಾಕಿ ಅಳೆದರು. ಈ ಸಲ 230 ನಿಲ್ಲಲಿಲ್ಲ. ಬಲ್ಬ್ ತೆಗೆದರೂ 230 ಉಳಿದರೆ ಅದು ನ್ಯೂಟ್ರಲ್ ಇರಬಹುದು. ಬಲ್ಬಿನ ಜೊತೆಗೇ ಹೋದರೆ ಅದು ಬಲ್ಬಿನ ತಂತಿ. ಬೋರ್ಡಿನಲ್ಲಿ ಫ್ಯಾನ್ ಇದ್ದರೆ ಅದರ ತಂತಿಗೂ ಹೀಗೆಯೇ ಬೇರೆ ಪರೀಕ್ಷೆ ಆಗಬೇಕು.

ಅರ್ಥಿಂಗ್ ತಂತಿಯ ಆಸೆ

ಅಷ್ಟರಲ್ಲಿ ನಮ್ಮ ಕಸಿನ್ ಒಬ್ಬ ಬಂದು, "ಪಕ್ಕದ ಕೋಣೆಯ ಸಾಕೆಟ್ಟಿನಲ್ಲಿ ಹಸಿರು ಅರ್ಥಿಂಗ್ ತಂತಿ ಇದೆಯಲ್ಲ, ಅದನ್ನೇ ನ್ಯೂಟ್ರಲ್ ಮಾಡಿಕೊ" ಎಂದ. ಇದು ನನ್ನ ತಪ್ಪಿಗಿಂತ ಕೆಟ್ಟದ್ದು. ಏಕೆಂದರೆ ಇದು ಸರಿಯಾಗಿ ಕೆಲಸ ಮಾಡುತ್ತದೆ. ಟಿಕ್ ಟಿಕ್ ಇಲ್ಲ, ಮಿನುಗು ಇಲ್ಲ, ಯಾರಿಗೂ ಅನುಮಾನ ಬರುವುದಿಲ್ಲ.

ಅರ್ಥಿಂಗ್ ತಂತಿ ಇರುವುದು ದಿನನಿತ್ಯ ಕರೆಂಟು ಹೊರಲು ಅಲ್ಲ. ಫ್ರಿಜ್ಜು, ಗೀಸರ್, ಇಸ್ತ್ರಿಪೆಟ್ಟಿಗೆಗಳ ಲೋಹದ ಮೈ ಅದಕ್ಕೆ ಕೂಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿತು ಅಥವಾ ತಂತಿ ಎಲ್ಲೋ ಕಳಚಿತು ಎಂದಿಟ್ಟುಕೊಳ್ಳಿ. ಮಾಡ್ಯೂಲಿನ ಮೂಲಕ ಬಂದ ಫೇಸ್‌ಗೆ ಭೂಮಿಗೆ ಹೋಗುವ ದಾರಿ ಇಲ್ಲ. ಆಗ ಅದು ಆ ಲೋಹದ ಮೈಗಳಿಗೆಲ್ಲ ಏರಿ ಕೂರುತ್ತದೆ. ಒದ್ದೆ ಕಾಲಿನಲ್ಲಿ ಫ್ರಿಜ್ಜಿನ ಬಾಗಿಲು ಹಿಡಿದವರೇ ಆ ದಾರಿಯಾಗುತ್ತಾರೆ. ಆರ್‌ಸಿಸಿಬಿ ಇದ್ದರೆ ಕಾಪಾಡುತ್ತದೆ ಎಂದು ನಂಬಿ ಹೀಗೆ ಮಾಡಬಾರದು. ಮನೆಗಳಲ್ಲಿ ಹಾಕುವ ಆರ್‌ಸಿಸಿಬಿ 30 ಮಿಲಿಆಂಪ್ ಲೆಕ್ಕದ್ದು. ಒಂದು ಮಾಡ್ಯೂಲಿನ ಸೋರಿಕೆ ಅದಕ್ಕಿಂತ ಬಹಳ ಕಡಿಮೆ ಇರುವುದರಿಂದ ಅದು ಬೀಳದೆ ಸುಮ್ಮನಿರಬಹುದು. ಹಳೆಯ ಮನೆಗಳಲ್ಲಿ ಆರ್‌ಸಿಸಿಬಿಯೇ ಇರುವುದಿಲ್ಲ, ನಮ್ಮಲ್ಲೂ ಇರಲಿಲ್ಲ.

ನ್ಯೂಟ್ರಲ್ ಬೇಡದ ಸ್ವಿಚ್

ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್‌ಗಳೂ ಸಿಗುತ್ತವೆ. ಅವು ದೀಪ ಆರಿದ್ದಾಗಲೂ ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟು ಹರಿಸಿ ಬದುಕುತ್ತವೆ. ನಾನು ತಿಳಿಯದೆ ಮಾಡಿದ್ದನ್ನು ಅವು ತಿಳಿದು ಮಾಡುತ್ತವೆ. ದೀಪ ಹತ್ತಿದಾಗಲೂ ತಮ್ಮ ಪಾಲು ಉಳಿಸಿಕೊಳ್ಳುವ ವ್ಯವಸ್ಥೆ ಅವುಗಳೊಳಗೆ ಇರುತ್ತದೆ. ಆದರೆ ಅವುಗಳಿಗೆ ಮಿತಿ ಇದೆ.

ಆ ಸೋರಿಕೆ 3 ಮಿಲಿಆಂಪ್ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. 60 ವ್ಯಾಟಿನ ಹಳೆಯ ಬಲ್ಬು ಪೂರ್ತಿ ಉರಿಯಲು ಸುಮಾರು 260 ಮಿಲಿಆಂಪ್ ಬೇಕು. ಅದರಲ್ಲಿ 3 ಎಂದರೆ ನೂರಕ್ಕೆ ಒಂದು. ತಂತು ಬಿಸಿಯಾಗುವುದೇ ಇಲ್ಲ. 9 ವ್ಯಾಟಿನ ಎಲ್‌ಇಡಿಗೆ ಬೇಕಾದ್ದು ಸುಮಾರು 40 ಮಿಲಿಆಂಪ್ ಮಾತ್ರ. ಅದೇ 3 ಈಗ ನೂರಕ್ಕೆ ಏಳೆಂಟು. ಎಲ್‌ಇಡಿಯೊಳಗಿನ ಕೆಪಾಸಿಟರ್ ಈ ಚೂರು ಕರೆಂಟನ್ನು ಕೂಡಿಟ್ಟುಕೊಂಡು, ತುಂಬಿದಾಗ ಒಮ್ಮೆ ಮಿಂಚುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಆಫ್ ಮಾಡಿದ ದೀಪ ರಾತ್ರಿಯೆಲ್ಲ ಮಿಣಮಿಣ ಎನ್ನುವುದು ಇದರಿಂದಲೇ. ಇದಕ್ಕೆ ಸ್ವಿಚ್ಚಿನ ಜೊತೆ ಬೈಪಾಸ್ ಎಂಬ ಚಿಕ್ಕ ತುಂಡು ಕೊಡುತ್ತಾರೆ. ಅದನ್ನು ಕೂಡಿಸಬೇಕಾದ್ದು ದೀಪದ ಹತ್ತಿರ, ದೀಪದ ಎರಡು ತಂತಿಗಳ ನಡುವೆ. ಆಗ ಸೋರಿಕೆ ದೀಪ ಬಿಟ್ಟು ಅದರ ಮೂಲಕ ಹೋಗುತ್ತದೆ. ಸ್ವಿಚ್ಚಿನ ಬಳಿ ಕೂಡಿಸಿದರೆ ಉಪಯೋಗವಿಲ್ಲ.

ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಕನಿಷ್ಠ ಮತ್ತು ಗರಿಷ್ಠ ವ್ಯಾಟ್ ಎರಡನ್ನೂ ಓದಬೇಕು. ನಾವು ಗರಿಷ್ಠ ಮಾತ್ರ ನೋಡುತ್ತೇವೆ. ದೀಪಕ್ಕೆಂದು ಬರೆದ ಇಂಥ ಸ್ವಿಚ್ಚಿಗೆ ಫ್ಯಾನ್, ಪಂಪು ಕೂಡಿಸಬಾರದು. ಮೋಟಾರಿನ ನಡತೆ ಬೇರೆ.

ಕೊನೆಗೆ ನಾವು ಮಾಡಿದ್ದು

ದಾದಿಯ ಕೋಣೆಗೆ 9 ವ್ಯಾಟಿನ ಎಲ್‌ಇಡಿ ಹಾಕುವುದೆಂದು ಅಬ್ಬಾ ಹೇಳಿದ್ದರಿಂದ ಕಾಕಾ ನೇರ ದಾರಿ ಹಿಡಿದರು. ಗೋಡೆಯ ಪಟ್ಟಿ ತೆಗೆದು, ಅದೇ ಕೋಣೆಯ ಸೀಲಿಂಗ್ ರೋಸಿನಿಂದ ಬೋರ್ಡಿಗೆ ಒಂದು ಕಪ್ಪು ತಾಮ್ರದ ತಂತಿ ಇಳಿಸಿದರು. ಪಕ್ಕದ ಕೋಣೆಯ ಸಾಕೆಟ್ಟಿನಿಂದ ನ್ಯೂಟ್ರಲ್ ತರಬಹುದಿತ್ತಲ್ಲ ಎಂದು ಕೇಳಿದೆ. ಆ ಕೋಣೆಗೆ ಬೇರೆ ಎಂಸಿಬಿ ಇದೆ. ಒಂದು ಎಂಸಿಬಿ ಆಫ್ ಮಾಡಿ ಕೆಲಸ ಮಾಡುವವನು ಇನ್ನೊಂದರ ಕರೆಂಟು ಹೊತ್ತ ನ್ಯೂಟ್ರಲ್ ಬಿಚ್ಚಿದರೆ ಹೊಡೆತ ತಿನ್ನುತ್ತಾನೆ ಎಂದರು. ಫೇಸ್ ಬಂದ ಮನೆಯಿಂದಲೇ ನ್ಯೂಟ್ರಲ್ಲೂ ಬರಬೇಕು.

ತಂತಿ ಎಳೆಯುವ ಮೊದಲು ಅವರು ಸ್ವಿಚ್ ಫೇಸಿನಲ್ಲೇ ಇದೆಯೇ ಎಂದು ನೋಡಿದರು. ನ್ಯೂಟ್ರಲ್ ಒಂದರಲ್ಲೇ ಸ್ವಿಚ್ ಇರಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಆದರೂ ಹಳೆಯ ಮನೆಗಳಲ್ಲಿ ಅದಲುಬದಲು ಆಗಿರುತ್ತದೆ. ಹಳೆಯ ತಂತಿಯ ಹೊದಿಕೆಯನ್ನು ಬಗ್ಗಿಸಿಯೂ ನೋಡಿದರು. ಬಿರುಕು ಬಿಟ್ಟು ಉದುರಿದರೆ ಸ್ಮಾರ್ಟ್ ಸ್ವಿಚ್ಚಿನ ಮಾತು ಬಿಟ್ಟು ಮೊದಲು ವೈರಿಂಗ್ ಬದಲಿಸಬೇಕು. ನಮ್ಮದು ಗಟ್ಟಿಯಿತ್ತು. ಮರದ ಡಬ್ಬಿ ಮಾತ್ರ ಆಳ ಸಾಲದೆ ಮಾಡ್ಯೂಲ್ ತಂತಿಗಳ ಮೇಲೆ ಒತ್ತುತ್ತಿತ್ತು. ಬಿಸಿಗೆ ಜಾಗ ಬೇಕೆಂದು ಆಳವಾದ ಹೊಸ ಡಬ್ಬಿ ಹಾಕಿದರು. ಫ್ಯಾನನ್ನು ಹಳೆಯ ಸ್ವಿಚ್ಚಿನಲ್ಲೇ ಬಿಟ್ಟೆವು.

ಈಗ ಫಜ್ರ್ ಅಜಾನಿಗೆ ಅರ್ಧ ಗಂಟೆ ಮೊದಲು ದೀಪ ಹತ್ತುತ್ತದೆ. ಬೋರ್ಡಿನ ಒಳಮುಚ್ಚಳಕ್ಕೆ ನಾನು ಒಂದು ಚೀಟಿ ಅಂಟಿಸಿದ್ದೇನೆ: "ಬಲ್ಬ್ ಬದಲಿಸುವಾಗ ಎಂಸಿಬಿ ಆಫ್ ಮಾಡಿ." ಸ್ಮಾರ್ಟ್ ಸ್ವಿಚ್ ಆಫ್ ಎಂದರೆ ಕರೆಂಟು ನಿಂತಿದೆ ಎಂದಲ್ಲ. ನೀವು ಸ್ಟೂಲಿನ ಮೇಲೆ ನಿಂತಿರುವಾಗಲೇ ಯಾರೋ ಮೊಬೈಲಿನಲ್ಲಿ ಆನ್ ಒತ್ತಬಹುದು, ಸಮಯ ಬಂದು ತಾನೇ ಆನ್ ಆಗಬಹುದು, ರಿಲೇ ಅಂಟಿಕೊಂಡಿರಬಹುದು. ನ್ಯೂಟ್ರಲ್ ಇಲ್ಲದ ಬಗೆಯಲ್ಲಂತೂ ಹೋಲ್ಡರಿಗೆ ಸೋರಿಕೆ ಯಾವಾಗಲೂ ಬರುತ್ತಿರುತ್ತದೆ. ಆ ಚಿಕ್ಕ ಜುಮ್ಮಿಗೆ ಬೆಚ್ಚಿ ಸ್ಟೂಲಿನಿಂದ ಬಿದ್ದರೂ ಕೈ ಮುರಿಯುತ್ತದೆ.

ಬೋರ್ಡ್ ಬಿಚ್ಚುವ ಕೆಲಸ ಪರವಾನಗಿ ಇರುವ ವೈರ್‌ಮನ್‌ದು. ನಾನೇ ಕೈ ಹಾಕಿದ್ದು ಸರಿಯಲ್ಲ ಎಂದು ಅಬ್ಬಾ ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಕೆಲಸ ಖರೀದಿಸುವ ಮೊದಲಿನದು: ಬೋರ್ಡಿನಲ್ಲಿ ಸಾಕೆಟ್ ಇದೆಯೇ ನೋಡುವುದು, ದೀಪ ಎಷ್ಟು ವ್ಯಾಟ್ ಎಂದು ಬರೆದುಕೊಳ್ಳುವುದು, ವೈರ್‌ಮನ್‌ನನ್ನು "ಇಲ್ಲಿ ನ್ಯೂಟ್ರಲ್ ಐತೇನ್ರಿ?" ಎಂದು ಕೇಳುವುದು. ನಾನು ಆ ಪ್ರಶ್ನೆಯನ್ನು ಕೊನೆಗೆ ಕೇಳಿದೆ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ