‘ಏನಾಯ್ತು?’ ಎಂದು ಕೇಳುವ ಮೊದಲು

ಮಳೆಗಾಲಕ್ಕೆ ಮುಂಚೆ ನಮ್ಮ ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಗೆ ನಾನು ಕೊಡುವ ಮಾನಸಿಕ ಪ್ರಥಮ ಚಿಕಿತ್ಸೆಯ ತರಬೇತಿಗೆ ಆಧಾರ, ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇತರ ಸಂಸ್ಥೆಗಳ ಜೊತೆ ಸೇರಿ ಪ್ರಕಟಿಸಿದ ಕೈಪಿಡಿ. ಅದರ ಸಾರವೆಲ್ಲ ಮೂರು ಕ್ರಿಯಾಪದಗಳಲ್ಲಿದೆ: ನೋಡು, ಆಲಿಸು, ಜೋಡಿಸು. ಇದನ್ನು ಮಾಡಲು ಡಾಕ್ಟರ್ ಆಗಬೇಕಿಲ್ಲ, ಮನಶ್ಶಾಸ್ತ್ರ ಓದಿರಬೇಕಿಲ್ಲ. ಆದರೆ ತರಬೇತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಏನು ಮಾಡಬೇಕು ಎನ್ನುವುದಲ್ಲ, ಏನು ಮಾಡಬಾರದು ಎನ್ನುವುದು.

ಮೊದಲನೆಯದಾಗಿ, ನಡೆದದ್ದನ್ನು ಹೇಳಿಸಬೇಡಿ. ‘ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿದರೆ ಹಗುರವಾಗುತ್ತದೆ’ ಎಂದು ನಾವೆಲ್ಲ ನಂಬಿದ್ದೇವೆ. ಒಂದು ಕಾಲದಲ್ಲಿ ತಜ್ಞರೂ ದುರಂತವಾದ ಕೂಡಲೇ ಸಂತ್ರಸ್ತರನ್ನು ಕೂರಿಸಿ, ಕಂಡದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸುತ್ತಿದ್ದರು. ಪರೀಕ್ಷಿಸಿ ನೋಡಿದಾಗ ಅದರಿಂದ ಪ್ರಯೋಜನ ಕಾಣಲಿಲ್ಲ. ಕೆಲವು ಅಧ್ಯಯನಗಳಲ್ಲಿ ಸ್ಥಿತಿ ಇನ್ನೂ ಹದಗೆಟ್ಟಿತ್ತು. ಈಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡವೆನ್ನುತ್ತದೆ. ಅವರಾಗಿಯೇ ಹೇಳಿದರೆ ಕೇಳಿ, ಸುಮ್ಮನಿದ್ದರೆ ನೀವೂ ಸುಮ್ಮನೆ ಪಕ್ಕದಲ್ಲಿರಿ. ಕೇಂದ್ರಕ್ಕೆ ಬಂದ ತಾಲ್ಲೂಕು ಸಿಬ್ಬಂದಿಗೆ, ನರ್ಸ್‌ಗೆ, ಪತ್ರಿಕೆಯವರಿಗೆ ಅದೇ ಕಥೆ ಹೇಳಿ ಸುಸ್ತಾದವರಿಗೆ ನಾಲ್ಕನೇ ಕೇಳುಗರು ಬೇಕಾಗಿರುವುದಿಲ್ಲ.

ತರಬೇತಿಯಲ್ಲಿ ನಾನು ಮಾಡಿಸುವ ಒಂದು ಅಭ್ಯಾಸ ಹೀಗಿದೆ. ಶಾಲೆಯೊಂದು ಪರಿಹಾರ ಕೇಂದ್ರವಾಗಿದೆ. ಬಾಗಿಲ ಬಳಿ ಸುಮಾರು ನಲವತ್ತರ ಹೆಂಗಸು ಪ್ಲಾಸ್ಟಿಕ್ ಕವರ್ ಹಿಡಿದು ಕೂತಿದ್ದಾರೆ. ಮೈಮೇಲಿನ ಬಟ್ಟೆ ಇನ್ನೂ ಒದ್ದೆ. ಗಂಡ ಸಿಕ್ಕಿಲ್ಲ. ಸಣ್ಣ ಮಗು ಮಡಿಲಲ್ಲಿದೆ. ಅವರ ಬಳಿಗೆ ವಿದ್ಯಾರ್ಥಿನಿಯೊಬ್ಬಳನ್ನು ಕಳಿಸುತ್ತೇನೆ.

ಹೋಗುವ ಮುನ್ನ ಅವಳು ದೂರದಿಂದ ನೋಡಬೇಕು: ಯಾರಿಗಾದರೂ ಗಾಯವಾಗಿದೆಯೇ, ಮಗು ಚಳಿಗೆ ನಡುಗುತ್ತಿದೆಯೇ, ಪಕ್ಕದಲ್ಲಿ ಅವರ ಊರಿನವರು ಇದ್ದಾರೆಯೇ. ಆಮೇಲೆ ಹತ್ತಿರ ಹೋಗಿ, ನಿಂತು ಮಾತಾಡದೆ ಅವರ ಮಟ್ಟಕ್ಕೆ ಕೂತು, ಹೆಸರು ಮತ್ತು ಕಾಲೇಜು ಹೇಳಿ, “ಅಕ್ಕಾ, ಇಲ್ಲಿ ಸ್ವಲ್ಪ ಹೊತ್ತು ಕೂರಬಹುದಾ?” ಎಂದು ಕೇಳಬೇಕು. ಬೇಡವೆಂದರೆ ಎದ್ದು ಬರಬೇಕು. ಕೂರಿ ಎಂದರೆ ಮೊದಲ ಪ್ರಶ್ನೆ “ಈಗ ನಿಮಗೆ ಏನು ಬೇಕು?” ಒಣಬಟ್ಟೆ, ಮಗುವಿಗೆ ಹಾಲು, ವುಝೂ ಮಾಡಲು ನೀರು, ಹೆಂಗಸರಿಗೆ ಮರೆಯಿರುವ ಜಾಗ, ಹೀಗೆ ಉತ್ತರ ಬರಬಹುದು. ಇವನ್ನು ಒದಗಿಸುವುದೂ ಚಿಕಿತ್ಸೆಯ ಭಾಗವೇ.

ಕಷ್ಟದ ಕ್ಷಣ ಈಗ ಬರುತ್ತದೆ. ಆ ಹೆಂಗಸಿನ ಪಾತ್ರ ಮಾಡುವವಳು ಕೇಳುತ್ತಾಳೆ: “ಅವರು ಬರ್ತಾರಲ್ವಾ?”

ಹತ್ತರಲ್ಲಿ ಎಂಟು ಮಕ್ಕಳು “ಖಂಡಿತ ಬರ್ತಾರೆ, ಧೈರ್ಯವಾಗಿರಿ” ಎನ್ನುತ್ತಾರೆ. ಆ ಮಾತು ಸುಳ್ಳಾದ ದಿನ ನಮ್ಮ ಗುರುತಿನ ಚೀಟಿ ಹಾಕಿಕೊಂಡ ಯಾರನ್ನೂ ಅವರು ನಂಬುವುದಿಲ್ಲ. ಉಳಿದಿಬ್ಬರು “ಸಬ್ರ್ ಮಾಡಿ, ಅಲ್ಲಾಹನ ಇಚ್ಛೆ” ಎನ್ನುತ್ತಾರೆ. ಇಲ್ಲಿ ಸೂಕ್ಷ್ಮ ಬೇಕು. ಆಕೆಯೇ ಆ ಮಾತು ಆಡಿದರೆ ಅದು ಅವರ ಆಸರೆ. ನೀವೂ ತಲೆಯಾಡಿಸಿ, ದುಆ ಮಾಡೋಣವೆಂದರೆ ಜೊತೆಗೆ ಕೈಯೆತ್ತಿ. ಆದರೆ ಅಳುತ್ತಿರುವವರಿಗೆ ನಾವಾಗಿಯೇ ಸಬ್ರ್ ಎಂದರೆ, ‘ಅಳು ನಿಲ್ಲಿಸು’ ಎಂದಂತೆಯೇ ಕೇಳಿಸುತ್ತದೆ. ‘ಮಗುವಾದರೂ ಉಳಿಯಿತಲ್ಲ, ಶುಕ್ರ್ ಮಾಡಿ’ ಎನ್ನುವುದೂ ಹಾಗೆಯೇ.

ಸರಿಯಾದ ಉತ್ತರ ಸಪ್ಪೆಯಾಗಿರುತ್ತದೆ: “ನನಗೆ ಗೊತ್ತಿಲ್ಲ ಅಕ್ಕಾ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಬರೆಸಿದ್ದಾರಾ ಅಂತ ವಿಚಾರಿಸಿ, ಅಸ್ರ್ ನಮಾಜಿಗೆ ಮುಂಚೆ ಬಂದು ಹೇಳ್ತೇನೆ.” ಜೋಡಿಸುವುದು ಅಂದರೆ ಇದೇ. ಸುದ್ದಿ ಏನೂ ಇಲ್ಲದಿದ್ದರೂ ಆ ಹೊತ್ತಿಗೆ ಹೋಗಿ “ಇನ್ನೂ ತಿಳಿದಿಲ್ಲ” ಎನ್ನಬೇಕು.

ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು, ಮಳೆಯ ಸದ್ದಿಗೆ ಬೆಚ್ಚುವುದು, ಮರಗಟ್ಟಿದಂತೆ ಕೂರುವುದು ಕಾಯಿಲೆಯಲ್ಲ. ಬಹುಪಾಲು ಜನ ತಮ್ಮವರ ಜೊತೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ‘ಟ್ರಾಮಾ’, ‘ಡಿಪ್ರೆಶನ್’ ಎಂದು ಹೆಸರಿಡಲು ನಾವು ಯಾರು? ಆದರೆ ಸಾಯುವ ಮಾತಾಡುವವರು, ತನ್ನನ್ನೂ ಮಗುವನ್ನೂ ನೋಡಿಕೊಳ್ಳಲಾಗದವರು, ಎಲ್ಲಿದ್ದೇನೆಂದೇ ತಿಳಿಯದವರು ಕಂಡರೆ ನಮ್ಮ ಮಿತಿ ಅಲ್ಲಿಗೆ ಮುಗಿಯಿತು. ಅವರನ್ನು ಒಂಟಿಯಾಗಿ ಬಿಡದೆ, ಇನ್ನೊಬ್ಬರನ್ನು ಕಳಿಸಿ ಕೇಂದ್ರದ ವೈದ್ಯರನ್ನು ಕರೆಸಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಫೋಟೋ ತೆಗೆಯಬೇಡಿ, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಅಂತೂ ಬೇಡವೇ ಬೇಡ. ಹೊರಡುವ ದಿನ ಹೇಳದೆ ಮಾಯವಾಗಬೇಡಿ. “ನಾಳೆಯಿಂದ ನಾನಿಲ್ಲ, ಇವಳು ಬರ್ತಾಳೆ” ಎಂದು ಮುಂದಿನ ಪಾಳಿಯವಳನ್ನು ಕರೆತಂದು ಪರಿಚಯಿಸಿ, ವಿಚಾರಿಸಿ ಹೇಳಬೇಕಾದದ್ದು ಏನೇನು ಬಾಕಿಯಿದೆಯೆಂದು ಆಕೆಯ ಎದುರಿಗೇ ತಿಳಿಸಿ ಬನ್ನಿ.